ತಪ್ಪು ಆಯ್ಕೆಗೂ ಒಂದು ಕಾರಣ ಇರಬೇಕು

ಹತ್ತನೆಯ ತರಗತಿಯ ಗಣಿತ ಪುಸ್ತಕದ ವೃತ್ತಗಳ ಅಧ್ಯಾಯದಲ್ಲಿ ಒಂದು ಬಹು ಆಯ್ಕೆ ಪ್ರಶ್ನೆ ಇದೆ. O ಕೇಂದ್ರವಾಗಿರುವ ವೃತ್ತಕ್ಕೆ ಹೊರಗಿನ T ಬಿಂದುವಿನಿಂದ ಎರಡು ಸ್ಪರ್ಶಕಗಳನ್ನು ಎಳೆಯಲಾಗಿದೆ. ಅವು P ಮತ್ತು Q ಬಿಂದುಗಳಲ್ಲಿ ವೃತ್ತವನ್ನು ಮುಟ್ಟುತ್ತವೆ. ಕೇಂದ್ರದ ಕೋನ ∠POQ = 110° ಆದರೆ ∠PTQ ಎಷ್ಟು ಎಂಬುದು ಪ್ರಶ್ನೆ. ಆಯ್ಕೆಗಳು 60°, 70°, 80° ಮತ್ತು 90°. ಸ್ಪರ್ಶಕ ಮುಟ್ಟುವ ಬಿಂದುವಿನಲ್ಲಿ ತ್ರಿಜ್ಯ ಅದಕ್ಕೆ ಲಂಬವಾಗಿರುತ್ತದೆ. ಹಾಗಾಗಿ OPTQ ಚತುರ್ಭುಜದಲ್ಲಿ ಎರಡು ಲಂಬಕೋನಗಳಿವೆ. ಉಳಿದ ಎರಡು ಕೋನಗಳ ಮೊತ್ತ 180° ಆಗಬೇಕು, ಆದ್ದರಿಂದ ಉತ್ತರ 70°.

ಇದೇ ಪುಸ್ತಕದ ಕೆಲವು ವರ್ಷಗಳ ಹಿಂದಿನ ಆವೃತ್ತಿಯಲ್ಲಿ, ತ್ರಿಭುಜಗಳ ಅಧ್ಯಾಯದಲ್ಲಿ, ಇನ್ನೊಂದು ಪ್ರಶ್ನೆ ಇತ್ತು. ಎರಡು ಸಮರೂಪ ತ್ರಿಭುಜಗಳ ಬಾಹುಗಳ ಅನುಪಾತ 4 : 9 ಆದರೆ ಅವುಗಳ ವಿಸ್ತೀರ್ಣಗಳ ಅನುಪಾತ ಎಷ್ಟು? ಆಯ್ಕೆಗಳು 2 : 3, 4 : 9, 81 : 16 ಮತ್ತು 16 : 81. ಸಮರೂಪ ತ್ರಿಭುಜಗಳ ವಿಸ್ತೀರ್ಣಗಳು ಬಾಹುಗಳ ವರ್ಗಗಳ ಅನುಪಾತದಲ್ಲಿರುತ್ತವೆ, ಹಾಗಾಗಿ ಉತ್ತರ 16 : 81.

ಎರಡೂ ಒಂದೊಂದು ಅಂಕದ ಪ್ರಶ್ನೆಗಳು, ಎರಡಕ್ಕೂ ಒಂದೊಂದೇ ಸರಿ ಉತ್ತರ. ಆದರೂ ಇವೆರಡರ ಗುಣ ಒಂದೇ ಅಲ್ಲ. ಎರಡನೆಯ ಪ್ರಶ್ನೆಯಲ್ಲಿ ಪ್ರತಿಯೊಂದು ತಪ್ಪು ಆಯ್ಕೆಯ ಹಿಂದೆಯೂ ಒಂದು ತಪ್ಪು ಯೋಚನೆ ಇದೆ. 4 : 9 ಎಂದು ಗುರುತು ಹಾಕಿದವನು ವಿಸ್ತೀರ್ಣವೂ ಬಾಹುವಿನಂತೆಯೇ ಬೆಳೆಯುತ್ತದೆ ಎಂದುಕೊಂಡಿದ್ದಾನೆ. 2 : 3 ಎಂದವನು ವರ್ಗ ಮಾಡಬೇಕಾದಲ್ಲಿ ವರ್ಗಮೂಲ ತೆಗೆದಿದ್ದಾನೆ. 81 : 16 ಎಂದವನಿಗೆ ನಿಯಮ ಗೊತ್ತಿದೆ, ಯಾವ ತ್ರಿಭುಜ ಮೊದಲು ಎಂಬ ಕ್ರಮ ತಪ್ಪಿದೆ. ಮೊದಲನೆಯ ಪ್ರಶ್ನೆಯಲ್ಲಿ ಇಂಥದ್ದೇನೂ ಇಲ್ಲ. 60°ಗಾಗಲಿ 80°ಗಾಗಲಿ ಯಾವ ತಪ್ಪು ದಾರಿಯೂ ಕರೆದೊಯ್ಯುವುದಿಲ್ಲ. ಸ್ಪರ್ಶಕಗಳ ನಡುವಿನ ಕೋನ ಕೇಂದ್ರದ ಕೋನದ ಅರ್ಧ ಎಂದು ತಪ್ಪಾಗಿ ತಿಳಿದ ಹುಡುಗಿಗೆ 55° ಬರುತ್ತದೆ. ಅದು ಆಯ್ಕೆಗಳಲ್ಲೇ ಇಲ್ಲ. ಅವಳು ತಲೆಯೆತ್ತಿ ಮತ್ತೊಮ್ಮೆ ನೋಡುತ್ತಾಳೆ, 110ಕ್ಕೆ 70 ಕೂಡಿದರೆ 180 ಆಗುವುದು ಕಣ್ಣಿಗೆ ಬೀಳುತ್ತದೆ, 70° ಎಂದು ಬರೆಯುತ್ತಾಳೆ. ಅಂಕ ಸಿಗುತ್ತದೆ. ತಪ್ಪು ತಿಳಿವಳಿಕೆ ಇದ್ದ ಹಾಗೆಯೇ ಉಳಿಯುತ್ತದೆ, ಅದು ಉಳಿದಿದೆ ಎಂಬುದು ಅವಳಿಗೂ ಅವಳ ಶಿಕ್ಷಕರಿಗೂ ತಿಳಿಯುವುದಿಲ್ಲ.

ರೇಖಾಗಣಿತದ ಬಹು ಆಯ್ಕೆ ಪ್ರಶ್ನೆಯ ತೂಕ ನಿರ್ಧಾರವಾಗುವುದು ಅದರ ಮೂರು ತಪ್ಪು ಆಯ್ಕೆಗಳಿಂದ ಎಂಬುದು ನನ್ನ ವಾದ. ಅವನ್ನು ಕಾರಣವಿಟ್ಟು ಆರಿಸಿದರೆ ಆ ಪ್ರಶ್ನೆ ಮಗು ಎಲ್ಲಿ ಎಡವಿದೆ ಎಂಬುದನ್ನು ಹೇಳುತ್ತದೆ. ತೋಚಿದ ಸಂಖ್ಯೆಗಳನ್ನು ತುಂಬಿದರೆ ಅದು ಅದೃಷ್ಟದ ಒಂದು ಅಂಕವಾಗಿ ಮುಗಿಯುತ್ತದೆ.

ದೇವದುರ್ಗದಂಥ ತಾಲ್ಲೂಕಿನಲ್ಲಿ ಇದು ಸಣ್ಣ ವಿಷಯವಲ್ಲ. ಎಸ್.ಎಸ್.ಎಲ್.ಸಿ. ಗಣಿತದ 80 ಅಂಕಗಳ ಪತ್ರಿಕೆಯಲ್ಲಿ 8 ಬಹು ಆಯ್ಕೆ ಪ್ರಶ್ನೆಗಳು ಬರುತ್ತವೆ. ಕೋವಿಡ್ ಕಾಲದಲ್ಲಿ, 2021ರ ಜುಲೈ 19ರಂದು ನಡೆದ ಪರೀಕ್ಷೆಯಲ್ಲಂತೂ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರೂ ಒಂದೇ ದಿನ, ಒಂದೊಂದಕ್ಕೆ 40 ಪ್ರಶ್ನೆಗಳಂತೆ, ಪೂರ್ತಿ ಬಹು ಆಯ್ಕೆಯಲ್ಲೇ ಇದ್ದವು. ಮಕ್ಕಳು ಓಎಂಆರ್ ಹಾಳೆಯಲ್ಲಿ ಗುಂಡುಗಳನ್ನು ತುಂಬಿ ಬಂದರು. ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಹಿಂದುಳಿದ ಮಕ್ಕಳನ್ನು ದಾಟಿಸಲೆಂದು ಡಿಸೆಂಬರ್ ಕಳೆಯುತ್ತಿದ್ದಂತೆ ‘ಪಾಸಿಂಗ್ ಪ್ಯಾಕೇಜ್’ ತಯಾರಾಗುತ್ತದೆ. ಅದರಲ್ಲಿ ಹಳೆಯ ಪತ್ರಿಕೆಗಳ ಬಹು ಆಯ್ಕೆ ಪ್ರಶ್ನೆಗಳು ಕೀ ಉತ್ತರದ ಸಮೇತ ಸಾಲಾಗಿ ಬರುತ್ತವೆ. ಮಕ್ಕಳು ಪ್ರಶ್ನೆಯ ಮೊದಲ ಎರಡು ಪದ ನೋಡಿ ‘ಬಿ’ ಎಂದು ಹೇಳುವಷ್ಟು ಬಾಯಿಪಾಠ ಮಾಡುತ್ತಾರೆ. ಹತ್ತಿ ಬಿಡಿಸುವ ದಿನಗಳಲ್ಲಿ ಶಾಲೆ ತಪ್ಪಿಸಿಕೊಂಡ, ಅಪ್ಪ ಅವ್ವನ ಜೊತೆ ದುಡಿಯಲು ಬೇರೆ ಊರಿಗೆ ಹೋಗಿ ಬಂದ ಮಗುವಿಗೆ ಈ ದಾರಿ ಹಿಡಿಸುವ ಶಿಕ್ಷಕರ ಕಳಕಳಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅಂಥ ಮಗುವಿಗೆ ಶಾಲೆಯಲ್ಲಿ ಸಿಗುವ ಸಮಯವೇ ಕಡಿಮೆ. ಅದು ಎಲ್ಲಿ ತಪ್ಪುತ್ತಿದೆ ಎಂಬುದು ಬೇಗ ತಿಳಿದರೆ ಮಾತ್ರ ಆ ಸಮಯ ಸಾರ್ಥಕವಾಗುತ್ತದೆ. ಹಾಗೆ ತಿಳಿಸುವ ಶಕ್ತಿ ಇದೇ ಬಹು ಆಯ್ಕೆ ಪ್ರಶ್ನೆಗೆ ಇದೆ, ನಾವು ಅದನ್ನು ಬಳಸುತ್ತಿಲ್ಲ.

ಸಮರೂಪ ತ್ರಿಭುಜಗಳಲ್ಲಿ ಮಕ್ಕಳು ನಿಜವಾಗಿ ಎಡವುವುದು ಅನುರೂಪತೆಯಲ್ಲಿ, ಅಂದರೆ ಈ ತ್ರಿಭುಜದ ಯಾವ ಶೃಂಗಕ್ಕೆ ಆ ತ್ರಿಭುಜದ ಯಾವ ಶೃಂಗ ಹೊಂದುತ್ತದೆ ಎಂಬುದರಲ್ಲಿ. ನೆಲದ ಮೇಲಿನ ಲೆಕ್ಕದಲ್ಲಿ ಈ ತೊಡಕು ಬರುವುದಿಲ್ಲ. ನೆರಳಿನ ಲೆಕ್ಕವನ್ನೇ ನೋಡಿ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯ ತನ್ನ ಕೊನೆಯ ಅಧ್ಯಾಯವನ್ನು ನೆರಳಿನ ಲೆಕ್ಕಕ್ಕೆ ಮೀಸಲಿಟ್ಟ. ಶಾಲೆಯ ಅಂಗಳದಲ್ಲಿ ನೆಟ್ಟ 2 ಮೀಟರ್ ಕೋಲಿನ ನೆರಳು 1.5 ಮೀಟರ್ ಇದ್ದಾಗ, ನೀರಿನ ಟ್ಯಾಂಕಿನ ನೆರಳು 9 ಮೀಟರ್ ಇದ್ದರೆ ಟ್ಯಾಂಕಿನ ಎತ್ತರ 12 ಮೀಟರ್ ಎಂದು ಎಂಟನೆಯ ತರಗತಿಯ ಮಗುವೂ ಹೇಳುತ್ತದೆ. ಕೋಲಿನ ಎತ್ತರವನ್ನು ಟ್ಯಾಂಕಿನ ನೆರಳಿಗೆ ಯಾರೂ ಜೋಡಿಸುವುದಿಲ್ಲ. ಯಾವುದು ಎತ್ತರ, ಯಾವುದು ನೆರಳು ಎಂಬುದು ಕಣ್ಣೆದುರೇ ಇರುತ್ತದೆ. ಪುಸ್ತಕಕ್ಕೆ ಬಂದಾಗ ಎತ್ತರವೂ ನೆರಳೂ ಹೋಗಿ ಬರೀ ಅಕ್ಷರಗಳು ಉಳಿಯುತ್ತವೆ. ಆಗ ಜೋಡಿಸುವ ಕೆಲಸ ಮಗುವಿನದಾಗುತ್ತದೆ. ಅದನ್ನು ಹೇಗೆ ಮಾಡಬೇಕೆಂದು ಹೆಚ್ಚಿನ ಕಡೆ ಯಾರೂ ನಿಧಾನವಾಗಿ ಕಲಿಸಿರುವುದಿಲ್ಲ.

ಸಮರೂಪತೆ ಮತ್ತು ವೃತ್ತದ ಕೋನ ಎರಡೂ ಸೇರುವ ಒಂದು ಪ್ರಶ್ನೆಯನ್ನು ಪೂರ್ತಿಯಾಗಿ ನೋಡೋಣ. ಒಂದು ವೃತ್ತದಲ್ಲಿ AB ಮತ್ತು CD ಎಂಬ ಎರಡು ಜ್ಯಾಗಳು ಒಳಗಿನ P ಬಿಂದುವಿನಲ್ಲಿ ಒಂದನ್ನೊಂದು ಕತ್ತರಿಸುತ್ತವೆ. AP = 6 ಸೆಂ.ಮೀ., PB = 4 ಸೆಂ.ಮೀ., CP = 3 ಸೆಂ.ಮೀ. ಆದರೆ PD ಎಷ್ಟು? ನಾನು ಕೊಡುವ ಆಯ್ಕೆಗಳು 2, 4.5, 7 ಮತ್ತು 8.

AC ಮತ್ತು BD ಸೇರಿಸಿದರೆ ಎರಡು ತ್ರಿಭುಜಗಳು ಸಿಗುತ್ತವೆ. P ಬಿಂದುವಿನಲ್ಲಿರುವ ಶೃಂಗಾಭಿಮುಖ ಕೋನಗಳು ಸಮ, ಅದರಲ್ಲಿ ಯಾರಿಗೂ ಗೊಂದಲವಿಲ್ಲ. ಗೊಂದಲ ಇರುವುದು ಎರಡನೆಯ ಜೋಡಿಯಲ್ಲಿ. A ಬಿಂದುವಿನಲ್ಲಿರುವ ಕೋನ ಯಾವ ಕಂಸವನ್ನು ನೋಡುತ್ತಿದೆ ಎಂದು ಕೇಳಬೇಕು. ಅದರ ಒಂದು ಭುಜ C ಕಡೆಗೆ, ಇನ್ನೊಂದು ಭುಜ P ದಾಟಿ B ಕಡೆಗೆ ಹೋಗುತ್ತದೆ. ಅಂದರೆ ಅದು CB ಕಂಸವನ್ನು ನೋಡುತ್ತಿದೆ. ಅದೇ CB ಕಂಸವನ್ನು ನೋಡುವ ಇನ್ನೊಂದು ಕೋನ D ಬಿಂದುವಿನಲ್ಲಿದೆ. ಒಂದೇ ವೃತ್ತಖಂಡದ ಕೋನಗಳು ಸಮವಾದ್ದರಿಂದ A ಗೆ ಜೋಡಿ D, ಉಳಿದ C ಗೆ ಜೋಡಿ B. ಹೀಗೆ △APC ~ △DPB. ಅಕ್ಷರಗಳನ್ನು ಈ ಕ್ರಮದಲ್ಲಿ ಬರೆದ ಮೇಲೆ ಚಿತ್ರವನ್ನು ಮತ್ತೆ ನೋಡಬೇಕಾಗಿಯೇ ಇಲ್ಲ. ಮೊದಲ ಎರಡು ಅಕ್ಷರಕ್ಕೆ ಮೊದಲ ಎರಡು, ಕೊನೆಯ ಎರಡಕ್ಕೆ ಕೊನೆಯ ಎರಡು:

AP/DP = PC/PB

ಇದರಿಂದ AP × PB = CP × PD. 6 × 4 = 3 × PD, ಹಾಗಾಗಿ PD = 8.

ಈಗ ತಪ್ಪು ಆಯ್ಕೆಗಳಿಗೆ ಬರೋಣ. 2 ಎಂಬುದು △APC ~ △BPD ಎಂದು ಬರೆದವರ ಉತ್ತರ. ಅವರಿಗೆ 6/4 = 3/PD ಬರುತ್ತದೆ, PD = 2 ಆಗುತ್ತದೆ. ಹೀಗೇಕೆ ಬರೆದೆ ಎಂದು ಕೇಳಿದರೆ ನಮ್ಮ ಕಡೆಯ ಮಗು ಕೊಡುವ ಉತ್ತರ ಹೀಗಿರುತ್ತದೆ: “ಸರ್, A ಮತ್ತ B ಒಂದ ಗೀಟಿನ್ಯಾಗ ಅದಾವಲ್ರಿ, ಅದಕ್ಕ A ಗೆ B ಹಚ್ಚೀನಿ.” ಈ ಉತ್ತರದಲ್ಲಿ ಯೋಚನೆ ಇದೆ. AC ಮತ್ತು BD ಸಮಾಂತರವಾಗಿದ್ದರೆ ಅದೇ ಜೋಡಿ ಸರಿಯಾಗುತ್ತಿತ್ತು, ಏಕೆಂದರೆ ಆಗ A ಮತ್ತು B ಕೋನಗಳು ಪರ್ಯಾಯ ಕೋನಗಳಾಗುತ್ತವೆ. ಥೇಲ್ಸ್ ಪ್ರಮೇಯದ ಪಾಠದಲ್ಲಿ ಸಮಾಂತರ ರೇಖೆಗಳನ್ನೇ ನೋಡಿ ನೋಡಿ ಬಂದ ಮಗು ಅದೇ ಅಭ್ಯಾಸವನ್ನು ವೃತ್ತದೊಳಗೂ ತಂದಿದೆ. 7 ಎಂದವರ ಕಥೆ ಬೇರೆ. ಅವರು AB ಯ ಉದ್ದ 10 ಎಂದು ಕೂಡಿ, CD ಕೂಡ 10 ಇರಬೇಕೆಂದು ಊಹಿಸಿ, 3 ಕಳೆದಿದ್ದಾರೆ. ಒಂದೇ ವೃತ್ತದ ಜ್ಯಾಗಳೆಲ್ಲ ಸಮ ಎಂಬ ನಂಬಿಕೆ ಅಲ್ಲಿದೆ. 4.5 ಎಂದವರಿಗೆ ಗುಣಲಬ್ಧದ ಸೂತ್ರ ಅರ್ಧ ನೆನಪಿದೆ, ಯಾವ ತುಂಡನ್ನು ಯಾವುದರಿಂದ ಗುಣಿಸಬೇಕೆಂಬುದು ನೆನಪಿಲ್ಲ. AP × CP = PB × PD ಎಂದು ಬರೆದು 18ನ್ನು 4ರಿಂದ ಭಾಗಿಸಿದ್ದಾರೆ.

ಮೂರು ತಪ್ಪುಗಳಿಗೂ ಮದ್ದು ಬೇರೆ ಬೇರೆ. 2 ಎಂದ ಮಗುವಿಗೆ ‘ಈ ಕೋನ ಯಾವ ಕಂಸವನ್ನು ನೋಡುತ್ತಿದೆ?’ ಎಂಬ ಒಂದೇ ಪ್ರಶ್ನೆಯನ್ನು ನಾಲ್ಕು ಚಿತ್ರಗಳಲ್ಲಿ ಕೇಳಿದರೆ ಸಾಕು. 7 ಎಂದ ಮಗುವಿಗೆ ಕೈವಾರ ಕೊಟ್ಟು ಒಂದು ವೃತ್ತದಲ್ಲಿ ಉದ್ದ, ಗಿಡ್ಡ ಜ್ಯಾಗಳನ್ನು ಎಳೆಸಬೇಕು. 4.5 ಎಂದ ಮಗುವಿಗೆ ಸೂತ್ರವನ್ನು ಮರೆತುಬಿಡು ಎಂದು ಹೇಳಿ, ಸಮರೂಪತೆಯಿಂದಲೇ ಅದನ್ನು ಮತ್ತೆ ಹುಟ್ಟಿಸಲು ಕಲಿಸಬೇಕು. ಮೂವರಿಗೂ ‘ಉತ್ತರ 8, ಬರೆದುಕೊಳ್ಳಿ’ ಎಂದು ಹೇಳಿದರೆ ಮೂವರಿಗೂ ಏನೂ ಸಿಗುವುದಿಲ್ಲ.

ತರಗತಿಯಲ್ಲಿ ಇದನ್ನು ತಿಳಿಯುವ ವಿಧಾನಕ್ಕೆ ಖರ್ಚಿಲ್ಲ. ಮಕ್ಕಳಿಂದ ಚೀಟಿಯಲ್ಲಿ ಉತ್ತರ ಬರೆಸಿಕೊಂಡು, ಯಾವ ಆಯ್ಕೆಗೆ ಎಷ್ಟು ಮಂದಿ ಎಂದು ಹಲಗೆಯ ಮೇಲೆ ಎಣಿಸಬೇಕು. ಕೈ ಎತ್ತಿಸುವುದಕ್ಕಿಂತ ಚೀಟಿ ಮೇಲು, ಏಕೆಂದರೆ ಕೈ ಎತ್ತುವಾಗ ಮಕ್ಕಳು ಮುಂದಿನ ಬೆಂಚಿನ ಜಾಣರನ್ನು ನೋಡುತ್ತಾರೆ. 40 ಮಕ್ಕಳ ತರಗತಿ ಎಂದಿಟ್ಟುಕೊಳ್ಳೋಣ. ಯಾರಿಗೂ ಏನೂ ಗೊತ್ತಿಲ್ಲದೆ ಎಲ್ಲರೂ ಕಣ್ಣು ಮುಚ್ಚಿ ಗುರುತು ಹಾಕಿದರೆ ಪ್ರತಿ ಆಯ್ಕೆಗೂ ಸುಮಾರು 10 ಚೀಟಿ ಬೀಳುತ್ತವೆ. ತಪ್ಪು ಉತ್ತರಗಳು ಹೀಗೆ ಹೆಚ್ಚುಕಡಿಮೆ ಸಮನಾಗಿ ಹರಡಿದ್ದರೆ ಪಾಠವೇ ತಲುಪಿಲ್ಲ ಎಂದರ್ಥ. 8ಕ್ಕೆ 15, 2ಕ್ಕೆ 20, ಉಳಿದೆರಡಕ್ಕೆ ಸೇರಿ 5 ಬಂದರೆ ಪಾಠ ತಲುಪಿದೆ, ಆದರೆ ಅರ್ಧ ತರಗತಿ ಒಂದೇ ತಪ್ಪು ದಾರಿಯಲ್ಲಿ ಒಟ್ಟಾಗಿ ನಡೆದಿದೆ. ಮೊದಲ ಸ್ಥಿತಿಯಲ್ಲಿ ಪಾಠವನ್ನು ಮೊದಲಿನಿಂದ ಮಾಡಬೇಕು. ಎರಡನೆಯದರಲ್ಲಿ ಅರ್ಧ ತಾಸು ಸಾಕು. ಬರೀ ಸರಿ ಉತ್ತರಗಳನ್ನು ಎಣಿಸಿದ್ದರೆ, ಒಂದು ಕಡೆ 10, ಇನ್ನೊಂದು ಕಡೆ 15 ಎಂಬಷ್ಟೇ ಕಾಣುತ್ತಿತ್ತು. ಹಾಗೆಂದು ಒಂದೇ ಪ್ರಶ್ನೆಯಿಂದ ತೀರ್ಪು ಕೊಡಬಾರದು. ಅಕ್ಷರಗಳನ್ನೂ ಸಂಖ್ಯೆಗಳನ್ನೂ ಬದಲಿಸಿ ಇನ್ನೊಂದು ಪ್ರಶ್ನೆ ಕೊಟ್ಟಾಗಲೂ ಅದೇ ತಪ್ಪು ಮರುಕಳಿಸಿದರೆ ಮಾತ್ರ ಅದನ್ನು ನಂಬಬೇಕು.

ವೃತ್ತದೊಳಗಿನ ಕೋನಗಳಲ್ಲಿ ತಪ್ಪಿನ ಬೇರು ಇನ್ನೊಂದು ಕಡೆ ಇದೆ. ಒಂಬತ್ತನೆಯ ತರಗತಿಯಲ್ಲಿ ಮಕ್ಕಳು ಕಲಿಯುವ ಪ್ರಮೇಯ ಇದು: ಒಂದು ಕಂಸವು ವೃತ್ತಕೇಂದ್ರದಲ್ಲಿ ಉಂಟುಮಾಡುವ ಕೋನ, ಅದೇ ಕಂಸವು ವೃತ್ತದ ಉಳಿದ ಭಾಗದ ಮೇಲಿನ ಯಾವುದೇ ಬಿಂದುವಿನಲ್ಲಿ ಉಂಟುಮಾಡುವ ಕೋನದ ಎರಡರಷ್ಟು. ಬಾಯಿಪಾಠದಲ್ಲಿ ಇದು ‘ಪರಿಧಿಯ ಕೋನ ಕೇಂದ್ರದ ಕೋನದ ಅರ್ಧ’ ಎಂದು ಸಣ್ಣದಾಗುತ್ತದೆ. ಕಳೆದುಹೋಗುವ ಮಾತು ‘ಉಳಿದ ಭಾಗದ ಮೇಲಿನ’ ಎಂಬುದು. ಪ್ರಮೇಯದ ಜೀವ ಇರುವುದೇ ಆ ಮಾತಿನಲ್ಲಿ.

ಇದನ್ನು ಹಿಡಿಯುವ ಪ್ರಶ್ನೆ ಹೀಗಿರಬಹುದು. O ಕೇಂದ್ರವಿರುವ ವೃತ್ತದಲ್ಲಿ ∠AOB = 110°. C ಬಿಂದು ಲಘು ಕಂಸ AB ಮೇಲಿದೆ. ∠ACB ಎಷ್ಟು? ಆಯ್ಕೆಗಳು 55°, 70°, 110°, 125°. C ಬಿಂದು ಸಣ್ಣ ಕಂಸದ ಮೇಲೆ ಕುಳಿತಿರುವುದರಿಂದ ಅದು ನೋಡುವುದು ಎದುರಿನ ದೊಡ್ಡ ಕಂಸವನ್ನು. ಆ ದೊಡ್ಡ ಕಂಸ ಕೇಂದ್ರದಲ್ಲಿ ಉಂಟುಮಾಡುವ ಸರಳಾಧಿಕ ಕೋನ 360° − 110° = 250°. ಅದರ ಅರ್ಧ 125°. ಇದನ್ನು ಇನ್ನೊಂದು ದಾರಿಯಿಂದಲೂ ಪರೀಕ್ಷಿಸಬಹುದು. ದೊಡ್ಡ ಕಂಸದ ಮೇಲೆ D ಎಂಬ ಬಿಂದು ಇಟ್ಟರೆ ಅಲ್ಲಿನ ಕೋನ 55°. ACBD ಚಕ್ರೀಯ ಚತುರ್ಭುಜ, ಅದರ ಅಭಿಮುಖ ಕೋನಗಳ ಮೊತ್ತ 180°, ಹಾಗಾಗಿ C ಯಲ್ಲಿ 125° ಇರಲೇಬೇಕು. 55° ಎಂದವರು ‘ಅರ್ಧ’ ಎಂಬ ಸಣ್ಣ ಪಾಠವನ್ನು ಬಳಸಿದ್ದಾರೆ. 70° ಎಂದವರು ಹತ್ತನೆಯ ತರಗತಿಯ ಸ್ಪರ್ಶಕಗಳ ನಿಯಮವನ್ನು ಇಲ್ಲಿಗೆ ಎಳೆದು ತಂದಿದ್ದಾರೆ. 110° ಎಂದವರಿಗೆ ಕೇಂದ್ರದ ಕೋನ, ಪರಿಧಿಯ ಕೋನ ಎಂಬ ವ್ಯತ್ಯಾಸವೇ ಮೂಡಿಲ್ಲ.

ಇಲ್ಲಿ ಪ್ರಶ್ನೆ ತೆಗೆಯುವವರು ಎಚ್ಚರ ವಹಿಸಬೇಕಾದ ಒಂದು ಸಂಗತಿ ಇದೆ. ಈ 110° ಬದಲು 120° ಕೊಟ್ಟರೆ ಏನಾಗುತ್ತದೆ? ಸರಿ ಉತ್ತರ 240°ಯ ಅರ್ಧ, ಅಂದರೆ 120°. ಕೇಂದ್ರದ ಕೋನವೂ ಪರಿಧಿಯ ಕೋನವೂ ಒಂದೇ ಎಂದು ತಪ್ಪಾಗಿ ತಿಳಿದ ಮಗುವಿಗೂ ಅದೇ ಉತ್ತರ ಬಂದು ಪೂರ್ತಿ ಅಂಕ ಸಿಗುತ್ತದೆ. ಸ್ಪರ್ಶಕಗಳ ಪ್ರಶ್ನೆಯಲ್ಲೂ 120° ಹೀಗೆಯೇ ಮೋಸ ಮಾಡುತ್ತದೆ. ಸರಿ ನಿಯಮದಂತೆ 180° − 120° = 60°, ತಪ್ಪಾದ ‘ಅರ್ಧ’ ನಿಯಮದಂತೆಯೂ 60°. 120 ಸುಲಭದ ಸಂಖ್ಯೆ, ಚಿತ್ರ ಚೆನ್ನಾಗಿ ಬರುತ್ತದೆ, ಅದಕ್ಕಾಗಿ ಪತ್ರಿಕೆ ತೆಗೆಯುವವರ ಕೈ ತಾನಾಗಿ ಅದರ ಕಡೆ ಹೋಗುತ್ತದೆ. ಜ್ಯಾಗಳ ಪ್ರಶ್ನೆಯಲ್ಲಿ ಇದೇ ಬಗೆಯ ಕುರುಡು ಜಾಗ AP = CP ಆದಾಗ ಬರುತ್ತದೆ. ಎರಡೂ 6 ಎಂದು ಕೊಟ್ಟು, PB = 4 ಎಂದರೆ, ಸರಿ ಜೋಡಿಯಿಂದಲೂ PD = 4, ತಪ್ಪು ಜೋಡಿಯಿಂದಲೂ PD = 4. ಆಗ ತ್ರಿಭುಜಗಳು ಸಮದ್ವಿಬಾಹು ಆಗಿ, AC ಮತ್ತು BD ಸಮಾಂತರವಾಗಿ, ಎರಡೂ ಜೋಡಿಗಳು ಸರಿಯೇ ಆಗಿಬಿಡುತ್ತವೆ. ಅಂಥ ಪ್ರಶ್ನೆಯಲ್ಲಿ ಇಡೀ ತರಗತಿ ಅಂಕ ಪಡೆದರೂ ಅನುರೂಪತೆ ಯಾರಿಗೆ ತಿಳಿದಿದೆ ಎಂಬುದು ಗೊತ್ತಾಗುವುದಿಲ್ಲ. ಆದ್ದರಿಂದ ಪ್ರಶ್ನೆ ತೆಗೆದವರು ಸರಿ ದಾರಿಯಲ್ಲಿ ಮಾತ್ರವಲ್ಲ, ಮಕ್ಕಳು ಹಿಡಿಯಬಹುದಾದ ಪ್ರತಿ ತಪ್ಪು ದಾರಿಯಲ್ಲೂ ಲೆಕ್ಕ ಮಾಡಿ ನೋಡಬೇಕು. ಎರಡು ದಾರಿಗಳು ಒಂದೇ ಸಂಖ್ಯೆಗೆ ಬಂದರೆ ಕೊಟ್ಟ ಅಳತೆಗಳನ್ನು ಬದಲಿಸಬೇಕು.

ಚಿತ್ರದ ವಿಷಯದಲ್ಲೂ ಇಂಥದೇ ಎಚ್ಚರ ಬೇಕು. 110°ಯ ಪ್ರಶ್ನೆಗೆ ಅಳತೆಗೆ ಸರಿಯಾದ ಚಿತ್ರ ಕೊಟ್ಟರೆ ∠ACB ಲಂಬಕೋನಕ್ಕಿಂತ ದೊಡ್ಡದು ಎಂಬುದು ಕಣ್ಣಿಗೇ ಕಾಣುತ್ತದೆ. 55° ಮತ್ತು 70° ತಾವಾಗಿ ಬಿದ್ದುಹೋಗುತ್ತವೆ, ಪ್ರಶ್ನೆ ಎರಡೇ ಆಯ್ಕೆಗಳದಾಗುತ್ತದೆ. ಅಳತೆ ತಪ್ಪಿದ ಚಿತ್ರ ಕೊಟ್ಟರೆ ಸರಿಯಾಗಿ ಯೋಚಿಸಿದ ಮಗುವೇ ತನ್ನ ಉತ್ತರವನ್ನು ಅನುಮಾನಿಸುತ್ತದೆ. ನನಗೆ ಕಾಣುವ ಒಳ್ಳೆಯ ದಾರಿ ಎಂದರೆ ಇಂಥ ಪ್ರಶ್ನೆಗಳಲ್ಲಿ ಚಿತ್ರ ಕೊಡದೆ ಮಾತಿನಲ್ಲಿ ಹೇಳಿ, ಮಗುವೇ ಚಿತ್ರ ಬರೆದುಕೊಳ್ಳುವಂತೆ ಮಾಡುವುದು. ‘ಲಘು ಕಂಸದ ಮೇಲೆ’ ಎಂಬ ಮಾತನ್ನು ಓದಿ C ಯನ್ನು ಸರಿಯಾದ ಕಡೆ ಇಟ್ಟ ಮಗು ಅರ್ಧ ಪ್ರಶ್ನೆಯನ್ನು ಆಗಲೇ ಬಿಡಿಸಿರುತ್ತದೆ. ಉತ್ತರ ಬಂದ ಮೇಲೆ ತಾನೇ ಬರೆದ ಚಿತ್ರದ ಮುಂದಿಟ್ಟು ಅದು ನಂಬುವಂತಿದೆಯೇ ಎಂದು ನೋಡುವ ಅಭ್ಯಾಸವೂ ಇದರಿಂದ ಬೆಳೆಯುತ್ತದೆ.

ನನ್ನ ಈ ವಾದಕ್ಕೆ ಗಟ್ಟಿಯಾದ ಒಂದು ಆಕ್ಷೇಪ ಇದೆ, ಅದನ್ನು ನಾನು ಗೌರವಿಸುತ್ತೇನೆ. ರೇಖಾಗಣಿತ ಎಂದರೆ ಸಾಧನೆ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಹಂತ ಹಂತವಾಗಿ ಬರೆಯುವುದರಲ್ಲಿ ಅದರ ಶಿಸ್ತು ಇದೆ. ಗುಂಡು ತುಂಬಿಸುವ ಪ್ರಶ್ನೆಗಳನ್ನು ಎಷ್ಟು ತಿದ್ದಿದರೂ ಅವು ಆ ಶಿಸ್ತನ್ನು ಅಳೆಯಲಾರವು, ಬದಲಿಗೆ ಮಕ್ಕಳನ್ನು ಅದರಿಂದ ದೂರ ಮಾಡುತ್ತವೆ ಎಂದು ಹಿರಿಯ ಗಣಿತ ಶಿಕ್ಷಕರು ಹೇಳುತ್ತಾರೆ. ಮೊದಲ ಅರ್ಧ ಪೂರ್ತಿ ನಿಜ. ಜ್ಯಾಗಳ ಪ್ರಶ್ನೆಯಲ್ಲಿ 8 ಎಂದು ಗುರುತು ಹಾಕಿದ ಮಗು ಒಂದೇ ವೃತ್ತಖಂಡದ ಕೋನಗಳು ಏಕೆ ಸಮ ಎಂದು ಹೇಳಬಲ್ಲದೇ ಎಂಬುದು ಆ ಗುರುತಿನಿಂದ ತಿಳಿಯುವುದಿಲ್ಲ. ಗುಣಲಬ್ಧದ ಸೂತ್ರವನ್ನು ಅರ್ಥವಿಲ್ಲದೆ ಸರಿಯಾಗಿ ನೆನಪಿಟ್ಟ ಮಗುವಿಗೂ 8 ಸಿಗುತ್ತದೆ. ಆ ಪ್ರಶ್ನೆ ತಪ್ಪನ್ನು ಚೆನ್ನಾಗಿ ತೋರಿಸುತ್ತದೆ, ತಿಳಿವಳಿಕೆಯನ್ನು ಅಷ್ಟು ಚೆನ್ನಾಗಿ ತೋರಿಸುವುದಿಲ್ಲ. ಇದು ಅದರ ಮಿತಿ.

ಆದರೆ ಸಾಧನೆಯ ಪ್ರಶ್ನೆಯೂ ತಾನಾಗಿ ತಿಳಿವಳಿಕೆಯನ್ನು ಅಳೆಯುವುದಿಲ್ಲ. ಥೇಲ್ಸ್ ಪ್ರಮೇಯ, ಬಾಹ್ಯ ಬಿಂದುವಿನಿಂದ ಎಳೆದ ಸ್ಪರ್ಶಕಗಳು ಸಮ ಎಂಬ ಪ್ರಮೇಯ ಇವು ಪತ್ರಿಕೆಯಲ್ಲಿ ಬರುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಪಾಸಿಂಗ್ ಪ್ಯಾಕೇಜಿನಲ್ಲಿ ಅವುಗಳಿಗೇ ಮೊದಲ ಜಾಗ. ಮಗು ಇಡೀ ಸಾಧನೆಯನ್ನು ಪದ್ಯದಂತೆ ಒಪ್ಪಿಸುತ್ತದೆ. ಚಿತ್ರದ ಅಕ್ಷರ ABC ಇದ್ದದ್ದು PQR ಆದರೆ ನಿಂತುಬಿಡುತ್ತದೆ. ಪುಸ್ತಕದ ಹಳೆಯ ಆವೃತ್ತಿಯ ಐಚ್ಛಿಕ ಅಭ್ಯಾಸದಲ್ಲಿ ಇದೇ ಜ್ಯಾಗಳ ಲೆಕ್ಕ ಸಾಧನೆಯ ರೂಪದಲ್ಲಿತ್ತು. △APC ~ △DPB ಎಂದು ಸಾಧಿಸಿ ಎಂದು ಅಲ್ಲಿ ಕೇಳಿತ್ತು. ಗಮನಿಸಿ, ಆ ಪ್ರಶ್ನೆಯೇ ಅನುರೂಪತೆಯನ್ನು ಹೇಳಿಕೊಟ್ಟುಬಿಟ್ಟಿತ್ತು. ಯಾವ ಅಕ್ಷರಕ್ಕೆ ಯಾವ ಅಕ್ಷರ ಎಂಬ, ಮಗು ತಾನಾಗಿ ಮಾಡಬೇಕಾದ ನಿರ್ಧಾರ ಅಲ್ಲಿ ಉಳಿದಿರಲಿಲ್ಲ. ಕಾರಣವಿಟ್ಟು ತೆಗೆದ ಬಹು ಆಯ್ಕೆ ಪ್ರಶ್ನೆ ಸರಿಯಾಗಿ ಆ ನಿರ್ಧಾರವನ್ನೇ ಕೇಳುತ್ತದೆ. ಹಾಗಾಗಿ ಎರಡನ್ನೂ ಎದುರುಬದುರು ನಿಲ್ಲಿಸುವುದಕ್ಕಿಂತ ಒಂದರ ಹಿಂದೆ ಒಂದು ಇಡುವುದು ಒಳ್ಳೆಯದು. ಮೊದಲು ಆಯ್ಕೆ, ನಂತರ ಆ ಆಯ್ಕೆಗೆ ಒಂದು ಸಾಲಿನ ಕಾರಣ. ‘△APC ~ △DPB, ಏಕೆಂದರೆ A ಮತ್ತು D ಕೋನಗಳು ಒಂದೇ CB ಕಂಸವನ್ನು ನೋಡುತ್ತವೆ’ ಎಂಬ ಒಂದು ಸಾಲು ಬರೆಯಬಲ್ಲ ಮಗು ಪೂರ್ತಿ ಸಾಧನೆಗೆ ಒಂದೇ ಹೆಜ್ಜೆ ದೂರದಲ್ಲಿದೆ.

ಹಾಗಾದರೆ ಏನು ಮಾಡಬೇಕು? ಮೊದಲನೆಯ ಕೆಲಸ ಪ್ರಶ್ನೆ ತೆಗೆಯುವವರದು. ಪ್ರಶ್ನೆಕೋಶ ಸಿದ್ಧಪಡಿಸುವಾಗ ಪ್ರತಿ ತಪ್ಪು ಆಯ್ಕೆಯ ಪಕ್ಕದಲ್ಲಿ, ಯಾವ ತಪ್ಪು ಯೋಚನೆಯಿಂದ ಮಗು ಇಲ್ಲಿಗೆ ಬರುತ್ತದೆ ಎಂದು ಒಂದು ಸಾಲು ಬರೆದಿಡಬೇಕು. ಬರೆಯಲಾಗದಿದ್ದರೆ ಆ ಆಯ್ಕೆಯನ್ನು ತೆಗೆದುಹಾಕಬೇಕು. ಕೀ ಉತ್ತರದ ಜೊತೆ ಈ ಸಾಲುಗಳೂ ಶಿಕ್ಷಕರ ಕೈಗೆ ಬಂದರೆ, ಒಬ್ಬರೇ ಗಣಿತ ಶಿಕ್ಷಕರಿರುವ ಹಳ್ಳಿಯ ಪ್ರೌಢಶಾಲೆಗೂ ಪಕ್ಕದಲ್ಲಿ ಕುಳಿತು ಸಲಹೆ ಕೊಡುವ ಇನ್ನೊಬ್ಬ ಶಿಕ್ಷಕ ಸಿಕ್ಕಂತೆ.

ಎರಡನೆಯ ಕೆಲಸ ಪರೀಕ್ಷೆ ನಡೆಸುವವರದು. ಓಎಂಆರ್ ಹಾಳೆಯನ್ನು ಓದುವ ಯಂತ್ರಕ್ಕೆ ಯಾವ ಗುಂಡು ತುಂಬಿದೆ ಎಂಬುದು ತಿಳಿಯುತ್ತದೆ. ಅಂಥ ಪರೀಕ್ಷೆ ಯಾವಾಗ ನಡೆದರೂ ಫಲಿತಾಂಶದ ಜೊತೆಗೆ, ಯಾರ ಹೆಸರೂ ಇಲ್ಲದೆ, ತಾಲ್ಲೂಕುವಾರು ಯಾವ ಆಯ್ಕೆಗೆ ಎಷ್ಟು ಮಂದಿ ಎಂಬ ಪಟ್ಟಿಯನ್ನೂ ಶಾಲೆಗಳಿಗೆ ಕಳಿಸಬೇಕು. ದೇವದುರ್ಗದ ಮಕ್ಕಳು ಲಘು ಕಂಸದ ಪ್ರಶ್ನೆಯಲ್ಲಿ 55°ಗೆ ಗುಂಪಾಗಿ ಬಿದ್ದಿದ್ದಾರೆ ಎಂದು ತಿಳಿದರೆ, ಮುಂದಿನ ವರ್ಷ ಒಂಬತ್ತನೆಯ ತರಗತಿಯಲ್ಲೇ ಏನು ತಿದ್ದಬೇಕೆಂಬುದು ಸ್ಪಷ್ಟವಾಗುತ್ತದೆ. ಶೇಕಡಾವಾರು ಫಲಿತಾಂಶದಲ್ಲಿ ಜಿಲ್ಲೆ ಎಷ್ಟನೆಯ ಸ್ಥಾನದಲ್ಲಿದೆ ಎಂದು ಪ್ರತಿ ವರ್ಷ ಚರ್ಚಿಸುತ್ತೇವೆ. ಸ್ಥಾನ ತಿಳಿದ ಶಿಕ್ಷಕರಿಗೆ ನಾಳೆ ತರಗತಿಯಲ್ಲಿ ಏನು ಮಾಡಬೇಕೆಂದು ತಿಳಿಯುವುದಿಲ್ಲ, 55° ತಿಳಿದವರಿಗೆ ತಿಳಿಯುತ್ತದೆ.

ಮೂರನೆಯದು ಮಕ್ಕಳೇ ರೂಢಿಸಿಕೊಳ್ಳಬಹುದಾದದ್ದು. ಆಯ್ಕೆಗಳನ್ನು ಕೈಯಿಂದ ಮುಚ್ಚಿಕೊಂಡು, ಸಮರೂಪತೆಯ ಪ್ರಶ್ನೆಯಾದರೆ ಮೊದಲು ಅಕ್ಷರಗಳ ಜೋಡಿಯನ್ನೂ, ವೃತ್ತದ ಪ್ರಶ್ನೆಯಾದರೆ ಕೋನ ನೋಡುತ್ತಿರುವ ಕಂಸದ ಹೆಸರನ್ನೂ ಬರೆಯಬೇಕು. ಆಮೇಲೆ ಲೆಕ್ಕ, ಆಮೇಲೆ ಆಯ್ಕೆ. ತನ್ನ ಉತ್ತರ ಆಯ್ಕೆಗಳಲ್ಲಿ ಇದೆ ಎಂಬುದಷ್ಟೇ ಅದು ಸರಿ ಎಂಬುದಕ್ಕೆ ಸಾಕ್ಷಿಯಲ್ಲ ಎಂದು ಮಗುವಿಗೆ ಗೊತ್ತಿರಬೇಕು, ಏಕೆಂದರೆ ಒಳ್ಳೆಯ ಪ್ರಶ್ನೆಯಲ್ಲಿ ಅದರ ತಪ್ಪು ಉತ್ತರವೂ ಅಲ್ಲಿ ಕಾದಿರುತ್ತದೆ. ಆ ತಪ್ಪು ಉತ್ತರವನ್ನು ಅಲ್ಲಿ ಇಟ್ಟವರು ಮಗುವನ್ನು ಬೀಳಿಸಲೆಂದು ಇಟ್ಟಿರಬಾರದು. ಬಿದ್ದ ಜಾಗ ಯಾವುದೆಂದು ಶಿಕ್ಷಕರಿಗೆ ತಿಳಿಯಲಿ, ಮರುದಿನ ಅಲ್ಲಿಂದಲೇ ಪಾಠ ಶುರುವಾಗಲಿ ಎಂದು ಇಟ್ಟಿರಬೇಕು. ಹಾಗೆ ಶುರುವಾಗುವ ಪಾಠವಿಲ್ಲದಿದ್ದರೆ ಎಷ್ಟೇ ಚೆನ್ನಾಗಿ ತೆಗೆದ ಪ್ರಶ್ನೆಯೂ ವ್ಯರ್ಥ.